ಕುಳಿ ಎಣಿಸಿ ಚಂದ್ರನ ನೆಲದ ವಯಸ್ಸು ಹೇಳುವುದು ಹೇಗೆ?

‘ಚಂದ್ರನ ವಯಸ್ಸು ಬರೀ 200 ಕೋಟಿ ವರ್ಷ ಎಂದು ಚೀನಾ ಕಂಡುಹಿಡಿದಿದೆ, ಹಾಗಾದರೆ ಇಷ್ಟು ದಿನ 450 ಕೋಟಿ ಎಂದವರು ಸುಳ್ಳು ಹೇಳಿದರೇ?’ ಈ ಧಾಟಿಯ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಅದರ ಬೆನ್ನಿಗೇ ಇನ್ನೊಂದು ಅನುಮಾನವೂ ಬರುತ್ತದೆ: ‘ಫೋಟೊದಲ್ಲಿ ಗುಂಡಿ ಎಣಿಸಿ ವಯಸ್ಸು ಹೇಳುತ್ತಾರಂತೆ, ಇದನ್ನೆಲ್ಲ ನಂಬಬೇಕಾ?’

ಮೊದಲನೆಯದಕ್ಕೆ ಉತ್ತರ ಸುಲಭ. ಎರಡೂ ಸಂಖ್ಯೆ ಸರಿಯೇ, ಆದರೆ ಎರಡೂ ಒಂದೇ ವಸ್ತುವಿನ ವಯಸ್ಸಲ್ಲ. ಚಂದ್ರ ಹುಟ್ಟಿ ಸುಮಾರು 450 ಕೋಟಿ ವರ್ಷವಾಯಿತು. ಚೀನಾದ ನೌಕೆ ಇಳಿದ ಬಯಲಿನ ಮೇಲೆ ಲಾವಾ ಹರಿದು ಗಟ್ಟಿಯಾಗಿ 200 ಕೋಟಿ ವರ್ಷವಾಯಿತು. ಅಜ್ಜನ ಕಾಲದ ಮನೆಗೆ ಹೋದ ವರ್ಷ ಟೈಲ್ಸ್ ಹಾಕಿಸಿದ್ದರೆ ಮನೆಗೆ ಒಂದು ವಯಸ್ಸು, ನೆಲಕ್ಕೆ ಇನ್ನೊಂದು. ಗ್ರಹಗಳ ಸುದ್ದಿಯಲ್ಲಿ ‘ವಯಸ್ಸು’ ಎಂಬ ಪದ ಕಂಡಾಗ ಅದು ಮನೆಯದೋ ನೆಲದ್ದೋ ಎಂದು ನೋಡಿಕೊಂಡರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಎರಡನೆಯ ಅನುಮಾನ ಕೇಳಲೇಬೇಕಾದದ್ದು. ಯಾರೂ ಮುಟ್ಟದ ನೆಲದ ವಯಸ್ಸನ್ನು ಚಿತ್ರ ನೋಡಿ ಹೇಳುವುದೆಂದರೆ ಜ್ಯೋತಿಷ್ಯದಂತೆಯೇ ಕೇಳಿಸುತ್ತದೆ. ಆದರೆ ಈ ಲೆಕ್ಕವನ್ನು ಮೊದಲೇ ಬರೆದಿಟ್ಟು, ಆಮೇಲೆ ಅದೇ ಜಾಗದ ಕಲ್ಲನ್ನು ಭೂಮಿಗೆ ತಂದು ತಾಳೆ ನೋಡಿದ್ದಾರೆ. ಆ ಪರೀಕ್ಷೆಯೇ ಚೀನಾದ ಚಾಂಗ್‌ಇ-5 ಯಾತ್ರೆ. ಅದರ ಕಥೆ ಹಿಡಿದೇ ನಾವು ಈ ಲೆಕ್ಕವನ್ನು ನೋಡೋಣ.

ಅಂಗಳ ಮತ್ತು ಮಳೆಹನಿ

ಮಳೆಗಾಲದ ಮೊದಲ ತುಂತುರು ಬೀಳುತ್ತಿದೆ ಎಂದುಕೊಳ್ಳಿ. ಅಂಗಳದ ನುಣುಪಾದ ಧೂಳಿನಲ್ಲಿ ಒಂದೊಂದು ಹನಿಗೂ ಒಂದೊಂದು ಪುಟ್ಟ ಗುಳಿ ಬೀಳುತ್ತದೆ. ಹತ್ತು ನಿಮಿಷದ ಹಿಂದೆ ಯಾರೋ ಬಂದು ಅಂಗಳದ ಅರ್ಧಭಾಗಕ್ಕೆ ಹೊಸ ಮಣ್ಣು ಹರಡಿ ಹೋಗಿದ್ದಾರೆ. ಈಗ ನೀವು ಬಾಗಿಲಿಗೆ ಬಂದು ನೋಡಿದರೆ, ಯಾವ ಭಾಗ ಹಳೆಯದು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಹೆಚ್ಚು ಗುಳಿ ಇರುವ ಕಡೆ ಹಳೆಯದು, ಕಡಿಮೆ ಇರುವ ಕಡೆ ಹೊಸದು. ಹನಿ ಯಾವ ವೇಗದಲ್ಲಿ ಬೀಳುತ್ತಿದೆ ಎಂಬುದೂ ಗೊತ್ತಿದ್ದರೆ ಹೊಸ ಮಣ್ಣು ಹರಡಿ ಎಷ್ಟು ನಿಮಿಷವಾಯಿತು ಎಂದೂ ಹೇಳಬಹುದು.

ಚಂದ್ರನ ಮೇಲೆ ಹನಿಗಳ ಬದಲು ಬೀಳುವುದು ಬಾಹ್ಯಾಕಾಶದ ಕಲ್ಲುಗಳು. ಈಗಲೂ ಬೀಳುತ್ತಿವೆ. 2013ರ ಮಾರ್ಚ್ 17ರಂದು ಚಂದ್ರನ ಮೇಲೆ ಒಂದು ಮಿಂಚು ಕಾಣಿಸಿತು. ಆಮೇಲೆ ನಾಸಾದ ಎಲ್‌ಆರ್‌ಒ ನೌಕೆ ಆ ಜಾಗದ ಹಳೆಯ ಮತ್ತು ಹೊಸ ಚಿತ್ರಗಳನ್ನು ಕೊಟ್ಟಿತು. ಮೊದಲು ಇಲ್ಲದಿದ್ದ ಕಡೆ 18 ಮೀಟರ್ ಅಗಲದ ಹೊಸ ಕುಳಿ ಬಿದ್ದಿತ್ತು.

ಭೂಮಿಯ ಮೇಲೂ ಕಲ್ಲುಗಳು ಬಿದ್ದಿವೆ. ಆದರೆ ನಮ್ಮಲ್ಲಿ ಮಳೆ, ಗಾಳಿ, ನದಿ, ಜ್ವಾಲಾಮುಖಿ, ಭೂಫಲಕಗಳ ಚಲನೆ ಎಲ್ಲ ಸೇರಿ ಕುಳಿಗಳನ್ನು ಅಳಿಸಿಹಾಕುತ್ತವೆ. ಹಾಗಾಗಿ ಇಡೀ ಭೂಮಿಯಲ್ಲಿ ಖಚಿತವಾಗಿ ಗುರುತಾಗಿರುವ ಕುಳಿಗಳು ಸುಮಾರು 200 ಮಾತ್ರ. ಮಹಾರಾಷ್ಟ್ರದ ಲೋಣಾರ್ ಸರೋವರ ಅವುಗಳಲ್ಲಿ ಒಂದು. ಚಂದ್ರನಲ್ಲಿ ಗಾಳಿಯಿಲ್ಲ, ನೀರು ಹರಿಯುವುದಿಲ್ಲ. ಒಮ್ಮೆ ಬಿದ್ದ ದೊಡ್ಡ ಕುಳಿ ಕೋಟ್ಯಂತರ ವರ್ಷ ಹಾಗೇ ಉಳಿಯುತ್ತದೆ. ಅದನ್ನು ಅಳಿಸಬೇಕಾದರೆ ಅದರ ಮೇಲೆ ಲಾವಾ ಹರಿಯಬೇಕು, ಇಲ್ಲವೇ ಇನ್ನೊಂದು ಕುಳಿ ಬೀಳಬೇಕು.

ಚಂದ್ರನ ಮುಖದ ಮೇಲೆ ನಾವು ‘ಮೊಲ’ ಎಂದು ಗುರುತಿಸುವ ಕಪ್ಪು ಕಲೆಗಳು ಇಂಥ ಲಾವಾ ಬಯಲುಗಳೇ. ಲಾವಾ ಹರಿದಾಗ ಅಲ್ಲಿನ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಕುಳಿ ಎಣಿಕೆ ಹೇಳುವುದು ಈ ಸೊನ್ನೆಯಾದ ದಿನದಿಂದ ಎಷ್ಟು ಕಾಲವಾಯಿತು ಎಂಬುದನ್ನು. ಚಂದ್ರ ಎಂದು ಹುಟ್ಟಿತು ಎಂಬುದನ್ನು ಅದು ಹೇಳುವುದಿಲ್ಲ.

ಎಣಿಕೆಯಿಂದ ವರ್ಷಕ್ಕೆ

ಹೆಚ್ಚು ಕುಳಿ ಎಂದರೆ ಹಳೆಯದು. ಆದರೆ ಎಷ್ಟು ಹಳೆಯದು? ಇದಕ್ಕೆ ಕಲ್ಲು ಬೀಳುವ ವೇಗ ಗೊತ್ತಾಗಬೇಕು. ವಿಲಿಯಂ ಹಾರ್ಟ್‌ಮನ್ ಎಂಬ ವಿಜ್ಞಾನಿ 1965ರಲ್ಲಿ, ಅಂದರೆ ಮನುಷ್ಯ ಚಂದ್ರನ ಮೇಲೆ ಕಾಲಿಡುವ ನಾಲ್ಕು ವರ್ಷ ಮೊದಲೇ, ಕೆನಡಾದ ಹಳೆಯ ಬಂಡೆನೆಲದಲ್ಲಿರುವ ಕುಳಿಗಳಿಂದ ಈ ವೇಗವನ್ನು ಅಂದಾಜು ಮಾಡಿದರು. ಅದರ ಪ್ರಕಾರ ಚಂದ್ರನ ಲಾವಾ ಬಯಲುಗಳ ಸರಾಸರಿ ವಯಸ್ಸು ಸುಮಾರು 360 ಕೋಟಿ ವರ್ಷ ಎಂದರು. ಅಪೊಲೊ ಯಾತ್ರಿಗಳು ತಂದ ಲಾವಾ ಕಲ್ಲುಗಳಲ್ಲಿ ಹೆಚ್ಚಿನವು 310ರಿಂದ 390 ಕೋಟಿ ವರ್ಷದವು. ಕೈಯಲ್ಲಿ ಒಂದು ಕಲ್ಲೂ ಇಲ್ಲದ ಕಾಲದ ಅಂದಾಜು ಇಷ್ಟು ಹತ್ತಿರ ಬಂದದ್ದು ನಮಗಂತೂ ಈಗಲೂ ಬೆರಗು ಹುಟ್ಟಿಸುತ್ತದೆ.

ಅಪೊಲೊ ಮತ್ತು ಸೋವಿಯತ್ ಲೂನಾ ನೌಕೆಗಳು ಕಲ್ಲು ತಂದ ಮೇಲೆ ಲೆಕ್ಕಕ್ಕೆ ಗಟ್ಟಿ ಬುನಾದಿ ಸಿಕ್ಕಿತು. ಕಲ್ಲಿನ ವಯಸ್ಸು ಪ್ರಯೋಗಾಲಯದಿಂದ, ಅದೇ ಜಾಗದ ಕುಳಿಗಳ ಸಂಖ್ಯೆ ಚಿತ್ರದಿಂದ. ಇಂಥ ಜೋಡಿಗಳನ್ನು ಒಂದು ಗ್ರಾಫಿನ ಮೇಲೆ ಇಟ್ಟು, ಅವುಗಳ ನಡುವೆ ಗೆರೆ ಎಳೆದರು. ಜರ್ಮನಿಯ ಗೆರ್ಹಾರ್ಡ್ ನ್ಯೂಕಮ್ ಎಳೆದ ಗೆರೆ ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿದೆ.

ಆ ಗೆರೆ ಹೇಳುವುದನ್ನು ಸರಳವಾಗಿ ನೋಡೋಣ. 10,000 ಚದರ ಕಿಲೋಮೀಟರಿನ ಒಂದು ಬಯಲು ತೆಗೆದುಕೊಳ್ಳಿ. ನಮ್ಮ ತುಮಕೂರು ಜಿಲ್ಲೆಗಿಂತ ತುಸು ಚಿಕ್ಕದು. ಅದರಲ್ಲಿ 1 ಕಿಲೋಮೀಟರ್ ಅಥವಾ ಅದಕ್ಕಿಂತ ಅಗಲವಾದ ಕುಳಿಗಳನ್ನಷ್ಟೇ ಎಣಿಸೋಣ. ಕಳೆದ 300 ಕೋಟಿ ವರ್ಷಗಳಲ್ಲಿ ಇಷ್ಟು ಜಾಗದಲ್ಲಿ ಸರಾಸರಿ 12 ಕೋಟಿ ವರ್ಷಕ್ಕೊಂದು ಇಂಥ ಕುಳಿ ಬಿದ್ದಿದೆ. ಆದ್ದರಿಂದ 8 ಕುಳಿ ಇದ್ದರೆ ನೆಲಕ್ಕೆ ಸುಮಾರು 100 ಕೋಟಿ ವರ್ಷ. 17 ಇದ್ದರೆ 200 ಕೋಟಿ. 26 ಇದ್ದರೆ 300 ಕೋಟಿ. ಇಲ್ಲಿಯವರೆಗೆ ಶಾಲೆಯ ಭಾಗಾಕಾರ ಸಾಕು.

ಅದರಾಚೆ ಲೆಕ್ಕ ಬದಲಾಗುತ್ತದೆ. 350 ಕೋಟಿ ವರ್ಷದ ಬಯಲಿನಲ್ಲಿ ಸುಮಾರು 48 ಕುಳಿ, 380 ಕೋಟಿಯದರಲ್ಲಿ 180, 400 ಕೋಟಿಯದರಲ್ಲಿ 600ಕ್ಕೂ ಹೆಚ್ಚು. ಸೌರಮಂಡಲ ಎಳೆಯದಾಗಿದ್ದಾಗ ಅಡ್ಡಾಡುವ ಕಲ್ಲುಗಳು ಬಹಳ ಇದ್ದವು, ಆಗಿನದು ತುಂತುರಲ್ಲ, ಜಡಿಮಳೆ. ಇದರಿಂದ ಎಣಿಸುವವರಿಗೆ ಒಂದು ಅನುಕೂಲವೂ ಇದೆ. 380 ಕೋಟಿಗೂ 400 ಕೋಟಿಗೂ ಕುಳಿಗಳ ಸಂಖ್ಯೆಯಲ್ಲಿ ಮೂರು ಪಟ್ಟಿಗೂ ಹೆಚ್ಚು ವ್ಯತ್ಯಾಸವಿರುವುದರಿಂದ ಎಣಿಕೆ ಸ್ವಲ್ಪ ತಪ್ಪಿದರೂ ವಯಸ್ಸು ಬಹಳ ತಪ್ಪುವುದಿಲ್ಲ. ಎಳೆಯ ಬಯಲಿನಲ್ಲಿ ಹಾಗಲ್ಲ. ಎಣಿಕೆ ಅರ್ಧಕ್ಕೆ ಇಳಿದರೆ ವಯಸ್ಸೂ ಅರ್ಧಕ್ಕೆ ಇಳಿಯುತ್ತದೆ.

ತೊಂದರೆ ಇದ್ದದ್ದೂ ಎಳೆಯ ಬಯಲುಗಳಲ್ಲೇ. ತಂದ ಲಾವಾ ಕಲ್ಲುಗಳೆಲ್ಲ 310 ಕೋಟಿಗಿಂತ ಹಳೆಯವು. ಅವು ಬಿಟ್ಟರೆ ಸುಮಾರು 80 ಕೋಟಿ ವರ್ಷದ್ದೆಂದು ಅಂದಾಜಿಸಿದ ಕೋಪರ್ನಿಕಸ್ ಕುಳಿ ಮತ್ತು ಅದಕ್ಕಿಂತ ಎಳೆಯ ಕೆಲವು ಕುಳಿಗಳು. ನಡುವಿನ 230 ಕೋಟಿ ವರ್ಷ, ಅಂದರೆ ಚಂದ್ರನ ಅರ್ಧ ಆಯುಷ್ಯಕ್ಕೆ, ಒಂದು ಆಧಾರದ ಕಲ್ಲೂ ಇರಲಿಲ್ಲ. ಅಲ್ಲಿ ಗೆರೆಯನ್ನು ನಂಬಿಕೆಯ ಮೇಲೆ ಎಳೆದಿದ್ದರು. ಬೇರೆ ವಿಜ್ಞಾನಿಗಳು ಬೇರೆ ಗೆರೆಗಳನ್ನೂ ಎಳೆದಿದ್ದರು, ಒಂದೇ ಎಣಿಕೆಗೆ ಅವು ಬೇರೆ ಬೇರೆ ವಯಸ್ಸು ಕೊಡುತ್ತಿದ್ದವು.

ಒಂದೇ ಬಯಲು, ಹಲವು ಉತ್ತರ

ಚೀನಾ ಆರಿಸಿಕೊಂಡದ್ದು ಈ ಖಾಲಿ ಜಾಗಕ್ಕೆ ಸೇರಿದ ಒಂದು ಬಯಲನ್ನು. ‘ಬಿರುಗಾಳಿಗಳ ಸಾಗರ’ ಎಂಬ ದೊಡ್ಡ ಲಾವಾ ಪ್ರದೇಶದ ಉತ್ತರ ಭಾಗದಲ್ಲಿ, ಮಾನ್ಸ್ ರುಮ್ಕರ್ ಎಂಬ ಗುಡ್ಡದ ಸಾಲಿನ ಪೂರ್ವಕ್ಕೆ ಅದು ಇದೆ. ವಿಸ್ತೀರ್ಣ ಸುಮಾರು 37,000 ಚದರ ಕಿಲೋಮೀಟರ್. ಮೇಲಿನ ಲೆಕ್ಕವನ್ನೇ ಇಲ್ಲಿ ಹಚ್ಚಿದರೆ, ಬಯಲಿಗೆ 120 ಕೋಟಿ ವರ್ಷವಾಗಿದ್ದರೆ 1 ಕಿಲೋಮೀಟರಿಗಿಂತ ದೊಡ್ಡ ಕುಳಿಗಳು ಸುಮಾರು 37 ಇರಬೇಕು, 200 ಕೋಟಿಯಾಗಿದ್ದರೆ 62, 300 ಕೋಟಿಯಾಗಿದ್ದರೆ 95. ನೌಕೆ ಹೊರಡುವ ಮೊದಲು ಹಲವು ತಂಡಗಳು ಎಣಿಸಿದ್ದವು. ಒಂದು ತಂಡಕ್ಕೆ ಸುಮಾರು 120 ಕೋಟಿ, ಇನ್ನೊಂದಕ್ಕೆ 150, ಮತ್ತೊಂದಕ್ಕೆ 200ರ ಆಸುಪಾಸು ಬಂದಿತ್ತು.

ಒಂದೇ ಬಯಲಿಗೆ ಇಷ್ಟು ವ್ಯತ್ಯಾಸ ಏಕೆ? ‘ನೋಡಿ, ಎಲ್ಲ ಊಹೆ’ ಎಂದು ಬಿಟ್ಟುಬಿಡುವ ಬದಲು ಕಾರಣ ಹುಡುಕಿದರೆ ಈ ವಿಧಾನದ ನಿಜವಾದ ಮಿತಿಗಳು ಗೊತ್ತಾಗುತ್ತವೆ.

ಮೊದಲನೆಯದು ಬರೀ ಅದೃಷ್ಟದ ಆಟ. ಕಲ್ಲುಗಳು ಗಡಿಯಾರ ನೋಡಿಕೊಂಡು ಬೀಳುವುದಿಲ್ಲ. 17 ಕುಳಿ ಇರಬೇಕಾದ ಕಡೆ 13 ಇರಬಹುದು, 21 ಇರಬಹುದು. ಎಣಿಸಿದ ಸಂಖ್ಯೆಯ ವರ್ಗಮೂಲದಷ್ಟು ಹೆಚ್ಚುಕಡಿಮೆ ಸಹಜ. 17ಕ್ಕೆ ಅದು 4, ಎಂದರೆ ಶೇಕಡಾ 24. ವಯಸ್ಸಿನಲ್ಲಿ ಹೇಳುವುದಾದರೆ 200 ಕೋಟಿಯ ಬದಲು 150 ಎಂದೋ 250 ಎಂದೋ ಬರಬಹುದು. ಹೆಚ್ಚು ಜಾಗ ಎಣಿಸಿದರೆ ಈ ದೋಷ ಕಡಿಮೆಯಾಗುತ್ತದೆ. ಇಲ್ಲವೇ ಚಿಕ್ಕ ಕುಳಿಗಳನ್ನೂ ಎಣಿಸಬೇಕು. ಅರ್ಧ ಕಿಲೋಮೀಟರಿನವರೆಗೆ ಇಳಿದರೆ ಸುಮಾರು ಹತ್ತು ಪಟ್ಟು ಅಥವಾ ಅದಕ್ಕಿಂತ ತುಸು ಹೆಚ್ಚು ಕುಳಿಗಳು ಸಿಗುತ್ತವೆ. ಹಾಗಾಗಿ ಎಲ್ಲರೂ ಚಿಕ್ಕವನ್ನೇ ಎಣಿಸುತ್ತಾರೆ.

ಅಲ್ಲೇ ಎರಡನೆಯ ಸಮಸ್ಯೆ ಕಾದಿರುತ್ತದೆ. ದೊಡ್ಡ ಕಲ್ಲೊಂದು ಬಿದ್ದಾಗ ಅದು ನೆಲದಿಂದ ಕಿತ್ತೆಸೆದ ಚೂರುಗಳು ನೂರಾರು ಕಿಲೋಮೀಟರ್ ಹಾರಿ ಬೀಳುತ್ತವೆ, ಬಿದ್ದಲ್ಲೆಲ್ಲ ಇನ್ನಷ್ಟು ಕುಳಿ ಮಾಡುತ್ತವೆ. ನಾವು ಇವನ್ನು ಮರಿ ಕುಳಿಗಳು ಎನ್ನೋಣ. ಮಂಗಳ ಗ್ರಹದ ಝೂನಿಲ್ ಎಂಬ 10 ಕಿಲೋಮೀಟರಿನ ಒಂದೇ ಕುಳಿ ಸುಮಾರು ಒಂದು ಕೋಟಿ ಮರಿ ಕುಳಿಗಳನ್ನು ಮಾಡಿದೆ ಎಂಬ ಅಂದಾಜಿದೆ. ಇವನ್ನು ಗೊತ್ತಿಲ್ಲದೆ ಎಣಿಸಿದರೆ ಒಂದೇ ದಿನ ಬಿದ್ದ ಕುಳಿಗಳಿಗೆ ಕೋಟ್ಯಂತರ ವರ್ಷದ ಲೆಕ್ಕ ಕಟ್ಟಿದಂತಾಗುತ್ತದೆ, ಎಳೆಯ ನೆಲ ಮುದುಕನಂತೆ ಕಾಣುತ್ತದೆ. ಚಾಂಗ್‌ಇ-5ರ ಬಯಲಿಗೂ ದೂರದ ಕುಳಿಗಳಿಂದ ಹಾರಿಬಂದ ಇಂಥ ಚೂರುಗಳು ಬಿದ್ದಿವೆ.

ಅವನ್ನು ಗುರುತಿಸುವುದು ಹೇಗೆ? ಬಾಹ್ಯಾಕಾಶದಿಂದ ನೇರವಾಗಿ ಬಂದ ಕಲ್ಲಿನ ಕುಳಿ ಸಾಮಾನ್ಯವಾಗಿ ದುಂಡಗೆ, ಆಳವಾಗಿ, ಒಂಟಿಯಾಗಿ ಇರುತ್ತದೆ. ಚೂರುಗಳು ಬೀಳುವ ವೇಗ ಕಡಿಮೆ. ಅದಕ್ಕೇ ಮರಿ ಕುಳಿಗಳು ಆಳವಿಲ್ಲದೆ, ಕೆಲವೊಮ್ಮೆ ಮೊಟ್ಟೆಯಾಕಾರದಲ್ಲಿ, ಸರಪಳಿಯಂತೆ ಸಾಲಾಗಿಯೋ ಗುಂಪುಗುಂಪಾಗಿಯೋ ಇರುತ್ತವೆ. ಸಾಲು ಹಿಡಿದು ಹಿಂದಕ್ಕೆ ಹೋದರೆ ತಾಯಿ ಕುಳಿಯ ದಿಕ್ಕು ಸಿಗುತ್ತದೆ. ಇಂಥ ಗುಂಪುಗಳನ್ನು ಎಣಿಕೆಯಿಂದ ಬಿಡುತ್ತಾರೆ, ಆ ಜಾಗವನ್ನೂ ವಿಸ್ತೀರ್ಣದಿಂದ ಕಳೆಯುತ್ತಾರೆ. ಆದರೂ ತುಂಬ ದೂರ ಹಾರಿ ಒಂಟಿಯಾಗಿ ಬಿದ್ದ ಚೂರಿನ ಕುಳಿಯನ್ನು ಬೇರ್ಪಡಿಸುವುದು ಬಲು ಕಷ್ಟ. ಯಾವುದನ್ನು ಬಿಡಬೇಕು ಎಂಬಲ್ಲಿ ತಂಡದಿಂದ ತಂಡಕ್ಕೆ ಭಿನ್ನಾಭಿಪ್ರಾಯ ಹುಟ್ಟುತ್ತದೆ. ಒಂದೇ ಚಿತ್ರವನ್ನು ಅನುಭವಿ ತಜ್ಞರಿಗೇ ಕೊಟ್ಟು ಎಣಿಸಲು ಹೇಳಿದಾಗಲೂ ಅವರವರ ಲೆಕ್ಕದಲ್ಲಿ ಗಣನೀಯ ವ್ಯತ್ಯಾಸ ಬಂದದ್ದಿದೆ.

ಮೂರನೆಯದು ಗಡಿ. ಎಣಿಸುವ ಜಾಗವೆಲ್ಲ ಒಂದೇ ಸಲ ಹರಿದ ಲಾವಾದ್ದಾಗಿರಬೇಕು. ಹಳೆಯ ಬಯಲಿನ ಒಂದು ತುಂಡು ಒಳಗೆ ಸೇರಿಕೊಂಡರೆ ಎಣಿಕೆ ಏರುತ್ತದೆ. ಟೈಟಾನಿಯಂ ಹೆಚ್ಚಿರುವ ಲಾವಾ ಮತ್ತು ಕಡಿಮೆ ಇರುವ ಲಾವಾ ಚಿತ್ರದಲ್ಲಿ ಬೇರೆ ಬೇರೆ ಬಣ್ಣ ತೋರುವುದರಿಂದ, ಅದನ್ನು ನೋಡಿ ಗಡಿ ಎಳೆಯುತ್ತಾರೆ. ಜಮೀನಿನ ಹದ್ದುಬಸ್ತಿನಂತೆ ಇಲ್ಲಿಯೂ ಒಬ್ಬೊಬ್ಬರ ಗೆರೆ ಒಂದೊಂದು ಕಡೆ ಬೀಳುತ್ತದೆ. ಲಾವಾ ತೆಳುವಾಗಿ ಹರಿದಿದ್ದರೆ ಇನ್ನೊಂದು ಮೋಸವಿದೆ. ಕೆಳಗಿನ ಹಳೆಯ ನೆಲದ ಚಿಕ್ಕ ಕುಳಿಗಳು ಮುಚ್ಚಿಹೋಗುತ್ತವೆ, ದೊಡ್ಡ ಕುಳಿಗಳ ಅಂಚು ಮಾತ್ರ ಮೇಲೆ ಇಣುಕುತ್ತದೆ. ಆಗ ದೊಡ್ಡವನ್ನು ಎಣಿಸಿದರೆ ಕೆಳಗಿನ ನೆಲದ ವಯಸ್ಸು, ಚಿಕ್ಕವನ್ನು ಎಣಿಸಿದರೆ ಮೇಲಿನ ಲಾವಾದ ವಯಸ್ಸು ಬರುತ್ತದೆ. ಗಾತ್ರದ ಪ್ರಕಾರ ಬಿಡಿಸಿದ ಗ್ರಾಫಿನಲ್ಲಿ ಗೆರೆ ನಡುವೆ ಸೊಟ್ಟಗಾಗಿರುವುದನ್ನು ನೋಡಿ ಇದನ್ನು ಪತ್ತೆ ಹಚ್ಚುತ್ತಾರೆ.

ಕಲ್ಲು ಏನು ಹೇಳಿತು?

ಚಾಂಗ್‌ಇ-5 2020ರ ಡಿಸೆಂಬರ್ 1ರಂದು ಆ ಬಯಲಿನಲ್ಲಿ ಇಳಿಯಿತು. ಅದೇ ತಿಂಗಳ ನಡುವೆ 1,731 ಗ್ರಾಂ ಮಣ್ಣು ಮತ್ತು ಕಲ್ಲಿನ ಚೂರುಗಳು ಭೂಮಿ ತಲುಪಿದವು. ಎರಡು ಕೆ.ಜಿ.ಗೂ ಕಡಿಮೆ.

ಕಲ್ಲಿನ ವಯಸ್ಸು ತಿಳಿಯುವ ವಿಧಾನಕ್ಕೂ ಕುಳಿಗಳಿಗೂ ಯಾವ ಸಂಬಂಧವೂ ಇಲ್ಲ. ಯುರೇನಿಯಂ ನಿಧಾನವಾಗಿ ಸೀಸವಾಗಿ ಬದಲಾಗುತ್ತದೆ. ಅದರ ಒಂದು ಬಗೆ ಅರ್ಧಕ್ಕೆ ಇಳಿಯಲು 447 ಕೋಟಿ ವರ್ಷ ಬೇಕು, ಇನ್ನೊಂದಕ್ಕೆ 70 ಕೋಟಿ ವರ್ಷ. ಎರಡರಿಂದಲೂ ಬೇರೆ ಬೇರೆ ಬಗೆಯ ಸೀಸ ಹುಟ್ಟುತ್ತದೆ. ಲಾವಾ ಗಟ್ಟಿಯಾಗುವಾಗ ಹುಟ್ಟಿದ ಕಣ್ಣಿಗೆ ಕಾಣದಷ್ಟು ಸಣ್ಣ ಖನಿಜ ಹರಳುಗಳಲ್ಲಿ ಈ ಸೀಸಗಳ ಪ್ರಮಾಣ ಅಳೆದರೆ ಅಂದಿನಿಂದ ಕಳೆದ ಕಾಲ ಗೊತ್ತಾಗುತ್ತದೆ.

2021ರ ಅಕ್ಟೋಬರಿನಲ್ಲಿ ಎರಡು ತಂಡಗಳ ಫಲಿತಾಂಶ ಪ್ರಕಟವಾಯಿತು. ಒಂದರಲ್ಲಿ 196 ಕೋಟಿ ವರ್ಷ, ಹೆಚ್ಚುಕಡಿಮೆ 6 ಕೋಟಿ. ಇನ್ನೊಂದರಲ್ಲಿ 203 ಕೋಟಿ ವರ್ಷ, ಹೆಚ್ಚುಕಡಿಮೆ ಅರ್ಧ ಕೋಟಿಗಿಂತಲೂ ಕಡಿಮೆ. ಆ ಬಯಲಿನ ಕುಳಿಗಳನ್ನು ಈ ವಯಸ್ಸಿನೊಂದಿಗೆ ಗ್ರಾಫಿನ ಮೇಲೆ ಇಟ್ಟಾಗ ಚುಕ್ಕೆ ನ್ಯೂಕಮ್ ಎಳೆದಿದ್ದ ಗೆರೆಯ ಹತ್ತಿರವೇ ಬಂದು ಕುಳಿತಿತು. ಆಧಾರವಿಲ್ಲದೆ ಎಳೆದ ಭಾಗ ಬಹುಪಾಲು ಸರಿಯಾಗಿತ್ತು. 120 ಕೋಟಿ ಎಂದಿದ್ದವರ ಅಂದಾಜು ನಿಲ್ಲಲಿಲ್ಲ, 200ರ ಸುತ್ತ ಹೇಳಿದವರದ್ದು ನಿಂತಿತು. ಈಗ ಅದೇ ಚುಕ್ಕೆಯನ್ನು ಸೇರಿಸಿಕೊಂಡು ಗೆರೆಯನ್ನು ತಿದ್ದಿದ್ದಾರೆ.

ಚಂದ್ರನ ನಮಗೆ ಕಾಣದ ಮಗ್ಗುಲಿನಲ್ಲೂ ಇದೇ ಲೆಕ್ಕ ನಡೆಯುತ್ತದೆಯೇ ಎಂಬ ಪ್ರಶ್ನೆ ಉಳಿದಿತ್ತು, ಏಕೆಂದರೆ ಆಧಾರದ ಕಲ್ಲುಗಳೆಲ್ಲ ಈಚೆ ಮಗ್ಗುಲಿನವು. 2024ರ ಜೂನ್‌ನಲ್ಲಿ ಚಾಂಗ್‌ಇ-6 ಆಚೆ ಮಗ್ಗುಲಿನಿಂದ 1,935 ಗ್ರಾಂ ತಂದಿತು. ಅಲ್ಲಿನ ಲಾವಾ ಕಲ್ಲಿನ ವಯಸ್ಸು ಸುಮಾರು 280 ಕೋಟಿ ವರ್ಷ. ಆ ಜಾಗದ ಕುಳಿಗಳ ಎಣಿಕೆಯೂ ಇದಕ್ಕೆ ಹೊಂದಿಕೊಂಡಿತು. ಎರಡೂ ಮಗ್ಗುಲಿಗೆ ಕಲ್ಲುಮಳೆ ಹೆಚ್ಚುಕಡಿಮೆ ಒಂದೇ ಸಮನೆ ಸುರಿದಿದೆ.

ಎಲ್ಲಿ ಈ ಲೆಕ್ಕ ನಡೆಯುವುದಿಲ್ಲ?

ಚಂದ್ರನ ಬಿಳಿ ಭಾಗ, ಅಂದರೆ ಹಳೆಯ ಎತ್ತರದ ಪ್ರದೇಶ, ಕುಳಿಗಳಿಂದ ತುಂಬಿತುಳುಕಿದೆ. ಅಲ್ಲಿ ಒಂದು ಹೊಸ ಕುಳಿ ಬೀಳಬೇಕಾದರೆ ಹಳೆಯ ಕೆಲವು ಅಳಿಯಲೇಬೇಕು. ಎಷ್ಟೇ ಕಾಲ ಕಳೆದರೂ ಒಟ್ಟು ಸಂಖ್ಯೆ ಏರುವುದಿಲ್ಲ. ಸಂತೆಯ ದಿನದ ಬಸ್ಸಿನಂತೆ, ಒಬ್ಬರು ಇಳಿದರೆ ಒಬ್ಬರು ಹತ್ತುವ ಸ್ಥಿತಿ. ತಲೆ ಎಣಿಸಿ ಬಸ್ಸು ಎಷ್ಟು ಊರು ದಾಟಿ ಬಂತು ಎಂದು ಹೇಳಲಾಗದು. ಅಂಥ ಕಡೆ ‘ಇಷ್ಟಕ್ಕಿಂತ ಹಳೆಯದು’ ಎಂದಷ್ಟೇ ಹೇಳಬಹುದು.

ನಮ್ಮ ಚಂದ್ರಯಾನ-3 ಇಳಿದ ದಕ್ಷಿಣದ ಪ್ರದೇಶಕ್ಕೆ ಸುಮಾರು 370 ಕೋಟಿ ವರ್ಷ ಎಂಬ ಸುದ್ದಿಯನ್ನು ನೀವು ಓದಿರಬಹುದು. ಅದು ಬಂದದ್ದು ಕುಳಿಗಳ ಎಣಿಕೆಯಿಂದಲೇ. ವಿಕ್ರಮ್ ಮತ್ತು ಪ್ರಜ್ಞಾನ್ ಅಲ್ಲಿನ ಕಲ್ಲನ್ನು ಭೂಮಿಗೆ ತಂದಿಲ್ಲ. ಆದ್ದರಿಂದ ಅದು ಒಳ್ಳೆಯ ಅಂದಾಜು, ಪ್ರಯೋಗಾಲಯದ ಅಳತೆಯಲ್ಲ. ಇಂಥ ಸುದ್ದಿ ಹಂಚುವಾಗ ‘ಅಂದಾಜು’ ಎಂಬ ಪದವನ್ನು ಬಿಟ್ಟುಬಿಡಬೇಡಿ ಎಂಬುದು ನಮ್ಮ ಕೋರಿಕೆ.

ಮಂಗಳದ ವಿಷಯಕ್ಕೆ ಬಂದರೆ ಅಂದಾಜು ಇನ್ನೂ ಸಡಿಲ. ಅಲ್ಲಿಗೆ ಚಂದ್ರನ ಗೆರೆಯನ್ನೇ ಒಯ್ದು, ಮಂಗಳಕ್ಕೆ ಬೀಳುವ ಕಲ್ಲುಗಳು ಚಂದ್ರನಿಗಿಂತ ಎಷ್ಟು ಪಟ್ಟು ಹೆಚ್ಚು ಎಂದು ಲೆಕ್ಕಹಾಕಿ ಹೊಂದಿಸುತ್ತಾರೆ. ಆ ಪಟ್ಟು ತಪ್ಪಿದರೆ ಎಳೆಯ ಲಾವಾ ಬಯಲಿನ ವಯಸ್ಸು ಇಮ್ಮಡಿಯೋ ಅರ್ಧವೋ ಆಗಬಹುದು. ಜೊತೆಗೆ ಅಲ್ಲಿ ಗಾಳಿಯಿದೆ, ಧೂಳು ಚಿಕ್ಕ ಕುಳಿಗಳನ್ನು ಮುಚ್ಚುತ್ತದೆ. ಚಂದ್ರನಿಗೆ ಚಾಂಗ್‌ಇ-5 ಮಾಡಿದ ಕೆಲಸವನ್ನು ಮಂಗಳಕ್ಕೆ ಮಾಡಬೇಕಾದರೆ ಎಲ್ಲಿಂದ ತೆಗೆದದ್ದೆಂದು ಖಚಿತವಾಗಿ ಗೊತ್ತಿರುವ ಒಂದು ಕಲ್ಲು ಭೂಮಿಯ ಪ್ರಯೋಗಾಲಯಕ್ಕೆ ಬರಬೇಕು. ನಾಸಾದ ಪರ್ಸಿವರೆನ್ಸ್ ರೋವರ್ ಜೆಝೆರೊ ಕುಳಿಯಲ್ಲಿ ಅಂಥ ಕಲ್ಲುಗಳನ್ನು ಕೊರೆದು ಕೊಳವೆಗಳಲ್ಲಿ ತುಂಬಿಟ್ಟಿದೆ. ಆ ಕೊಳವೆಗಳು ಇನ್ನೂ ಮಂಗಳದಲ್ಲೇ ಇವೆ.